ಮೂರು ಶೇಡ್, ಒಂದೇ ಬಾರ್‌ಕೋಡ್: ಲಿಪ್‌ಸ್ಟಿಕ್ ಬಾಕ್ಸ್ ಓದುವುದು ಹೇಗೆ?

ಪ್ರಶ್ನೆ: ಮೇಡಂ, ಹಾಸನದಲ್ಲಿ ಸಣ್ಣ ಪಾರ್ಲರ್ ಇಟ್ಟುಕೊಂಡಿದ್ದೇನೆ. ಮದುವೆ ಸೀಸನ್‌ಗೆ ಅಂತ ಬ್ಯಾಗ್ ಹಿಡಿದು ಬರುವ ಸಪ್ಲೈಯರ್ ಹತ್ತಿರ ಒಂದು ವಿದೇಶಿ ಬ್ರ್ಯಾಂಡಿನ ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ಮೂರು ತಗೊಂಡೆ: ನ್ಯೂಡ್, ಕೆಂಪು, ವೈನ್. ಅರ್ಧಕ್ಕಿಂತ ಕಡಿಮೆ ರೇಟು. ಬಾಕ್ಸ್ ಮೇಲಿನ ಸಣ್ಣ ಅಕ್ಷರ ಯಾಕೋ ದಪ್ಪ ಅನ್ನಿಸಿತು. ಆದರೆ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಅದೇ ಬ್ರ್ಯಾಂಡ್ ಬರುತ್ತೆ. ಕೆಂಪನ್ನು ಒಬ್ಬ ಮದುಮಗಳಿಗೆ ಹಚ್ಚಿಯೂ ಆಗಿದೆ. ಇದು ಅಸಲಿಯಾ ನಕಲಿಯಾ, ಬಾಕ್ಸ್ ನೋಡಿ ಹೇಳಬಹುದಾ? ಎಲ್ಲ ಬದಿಯ ಫೋಟೋ ಕಳಿಸಿದ್ದೇನೆ.

ಉತ್ತರ: ಫೋಟೋಗಳನ್ನು ದೊಡ್ಡದು ಮಾಡಿ ಒಂದೊಂದೇ ಬದಿ ನೋಡಿದೆ. ಮೂರೂ ನಕಲಿ. ಇದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಸೀಲ್ ಒಡೆಯದ ಎರಡನ್ನು ಹಾಗೆಯೇ ಎತ್ತಿಡಿ, ಒಡೆದದ್ದನ್ನು ಇನ್ನು ಯಾರ ತುಟಿಗೂ ಹಚ್ಚಬೇಡಿ. ಅದಕ್ಕೆ ಬಳಸಿದ ಬ್ರಷ್ ಬಿಸಾಡಿಬಿಡಿ. ಆ ಮದುಮಗಳಿಗೆ ಇವತ್ತೇ ಒಂದು ಫೋನ್ ಮಾಡಿ. ತುಟಿ ಉರಿ, ಊತ, ಸಿಪ್ಪೆ ಏಳುವುದು ಏನಾದರೂ ಇದ್ದರೆ ಹಿಮ್ಸ್ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಲಿ, ಹೋಗುವಾಗ ಆ ಟ್ಯೂಬನ್ನೂ ತೆಗೆದುಕೊಂಡು ಹೋಗಲಿ. ಏನು ಹಚ್ಚಿದ್ದು ಎಂದು ವೈದ್ಯರಿಗೆ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಏನೂ ಆಗಿಲ್ಲ ಎಂದರೆ ಗಾಬರಿ ಬೇಡ, ಆದರೂ ವಿಷಯ ಅವರಿಗೆ ತಿಳಿದಿರಲಿ.

ಇನ್ನು ನಾನು ಹೇಗೆ ಈ ತೀರ್ಮಾನಕ್ಕೆ ಬಂದೆ ಎಂಬುದನ್ನು ವಿವರವಾಗಿ ಹೇಳುತ್ತೇನೆ, ಮುಂದಿನ ಸಲ ನೀವೇ ನೋಡಿಕೊಳ್ಳಲು ಬರಬೇಕು. ಬೆಂಗಳೂರಿನ ಪೀಣ್ಯದಲ್ಲಿ ಕಾಸ್ಮೆಟಿಕ್ ಕಂಪನಿಗಳಿಗೆ ಕಾರ್ಟನ್ ಮುದ್ರಿಸುವ ಪ್ರೆಸ್‌ನಲ್ಲಿ ಗುಣಮಟ್ಟ ನೋಡುವ ಕೆಲಸ ಮಾಡಿದವಳು ನಾನು. ಅಲ್ಲಿ ಕಲಿತದ್ದರಲ್ಲಿ ನಿಮಗೆ ಬೇಕಾದದ್ದು ಒಂದೇ ಮಾತು. ನಕಲಿ ಮಾಡುವವನು ಸಾಮಾನ್ಯವಾಗಿ ಒಂದು ಅಸಲಿ ಬಾಕ್ಸ್ ಎದುರಿಗಿಟ್ಟುಕೊಂಡು ಹತ್ತಾರು ಶೇಡ್‌ಗೆ ಬಾಕ್ಸ್ ಮಾಡುತ್ತಾನೆ. ಹಾಗಾಗಿ ಬಾಕ್ಸ್‌ನಿಂದ ಬಾಕ್ಸ್‌ಗೆ ಬದಲಾಗಬೇಕಾದ ಜಾಗದಲ್ಲಿ ಅವನ ಕೈ ಸಿಕ್ಕಿಬೀಳುತ್ತದೆ. ನೀವು ಮೂರು ಶೇಡ್ ಒಟ್ಟಿಗೆ ತೆಗೆದುಕೊಂಡದ್ದು ಇಲ್ಲಿ ನೆರವಿಗೆ ಬಂತು. ಒಂದೇ ಬಾಕ್ಸ್ ಇದ್ದಿದ್ದರೆ ಇಷ್ಟು ಖಡಾಖಂಡಿತವಾಗಿ ಹೇಳುವುದು ಕಷ್ಟವಿತ್ತು.

ಮೊದಲು ಬಾರ್‌ಕೋಡ್. ನಿಮಗೆ ಧೈರ್ಯ ಕೊಟ್ಟದ್ದೇ ಅದು, ನನಗೆ ಅನುಮಾನ ಹುಟ್ಟಿಸಿದ್ದೂ ಅದೇ. ಅಂಗಡಿ ಸಾಮಾನಿನ ಮೇಲೆ ಇರುವುದು ಹೆಚ್ಚಾಗಿ 13 ಅಂಕಿಯ ಬಾರ್‌ಕೋಡ್, ಅಮೆರಿಕದ ಸಾಮಾನಾದರೆ 12 ಅಂಕಿ. ಈ ಅಂಕಿಗಳನ್ನು ಕೊಡುವುದು ಜಿಎಸ್1 ಎಂಬ ಸಂಸ್ಥೆ, ನಮ್ಮಲ್ಲಿ ಜಿಎಸ್1 ಇಂಡಿಯಾ. ಮೊದಲ ಮೂರು ಅಂಕಿ ಯಾವ ದೇಶದ ಜಿಎಸ್1ನಿಂದ ಕಂಪನಿ ನಂಬರ್ ಪಡೆಯಿತು ಎಂದು ಹೇಳುತ್ತವೆ. 890 ಅಂದರೆ ಭಾರತ, 300ರಿಂದ 379ರವರೆಗೆ ಫ್ರಾನ್ಸ್, 880 ದಕ್ಷಿಣ ಕೊರಿಯಾ, 690ರಿಂದ 699ರವರೆಗೆ ಚೀನಾ. ಇದು ಸಾಮಾನು ತಯಾರಾದ ದೇಶವಲ್ಲ, ನಂಬರ್ ಪಡೆದ ದೇಶ. "690ರಿಂದ ಶುರುವಾದರೆ ಡೂಪ್ಲಿಕೇಟ್" ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಮಾತನ್ನು ದಯವಿಟ್ಟು ನಂಬಬೇಡಿ. ಅಮೆರಿಕದ ಕಂಪನಿ ಚೀನಾದಲ್ಲಿ ಮಾಡಿಸಿದ ಅಸಲಿ ಸಾಮಾನಿನ ಮೇಲೂ ಅಮೆರಿಕದ ನಂಬರೇ ಇರುತ್ತದೆ. ಅಸಲಿ ಬಾಕ್ಸ್ ಎದುರಿಗಿದ್ದವನಿಗೆ ಆ ನಂಬರನ್ನು ಹಾಗೇ ಇಳಿಸಿಕೊಳ್ಳಲು ಏನೂ ಅಡ್ಡಿಯಿಲ್ಲ. ನೀವು ಸ್ಕ್ಯಾನ್ ಮಾಡಿದಾಗ ಬ್ರ್ಯಾಂಡಿನ ಹೆಸರು ಬಂದದ್ದಕ್ಕೆ ಕಾರಣ ಇಷ್ಟೇ.

ಆದರೆ ಬಾರ್‌ಕೋಡ್ ಬ್ರ್ಯಾಂಡಿಗೆ ಒಂದಲ್ಲ, ಶೇಡ್‌ಗೆ ಒಂದು. ಜಿಎಸ್1 ನಿಯಮದ ಪ್ರಕಾರ ಬಣ್ಣ ಬೇರೆಯಾದರೆ ನಂಬರೂ ಬೇರೆಯಾಗಬೇಕು. ಇಲ್ಲದಿದ್ದರೆ ಯಾವ ಶೇಡ್ ಎಷ್ಟು ಖರ್ಚಾಯಿತು ಎಂದು ಅಂಗಡಿಯ ಬಿಲ್ಲಿಂಗ್ ಮೆಷಿನ್‌ಗೆ ತಿಳಿಯುವುದೇ ಇಲ್ಲ, ಸ್ಟಾಕ್ ಲೆಕ್ಕವೇ ತಪ್ಪುತ್ತದೆ. ದೊಡ್ಡ ಬ್ರ್ಯಾಂಡ್ ಯಾವುದೂ ಇದರಲ್ಲಿ ಉದಾಸೀನ ಮಾಡುವುದಿಲ್ಲ. ನಿಮ್ಮ ಕೆಂಪು ಮತ್ತು ವೈನ್ ಬಾಕ್ಸ್ ಅಕ್ಕಪಕ್ಕ ಇಟ್ಟು ಅಂಕಿ ಓದಿ. ಹದಿಮೂರಕ್ಕೆ ಹದಿಮೂರೂ ಒಂದೇ. ಎರಡು ಬೇರೆ ಶೇಡ್‌ಗೆ ಒಂದೇ ನಂಬರ್ ಕಂಡರೆ ನಾನು ಅಲ್ಲಿಗೇ ಬಾಕ್ಸ್ ಕೆಳಗಿಡುತ್ತೇನೆ. ಸ್ಕ್ಯಾನ್ ಮಾಡಿದಾಗ ಬ್ರ್ಯಾಂಡ್ ಹೆಸರಿನ ಕೆಳಗೆ ಶೇಡ್ ಹೆಸರೂ ಬಂದಿರಬೇಕು, ಇನ್ನೊಮ್ಮೆ ನೋಡಿ. ವೈನ್ ಬಾಕ್ಸ್ ಸ್ಕ್ಯಾನ್ ಮಾಡಿದರೂ ಕೆಂಪಿನ ಹೆಸರೇ ಬರುತ್ತದೆ.

ನ್ಯೂಡ್ ಬಾಕ್ಸ್‌ನದು ಇನ್ನೂ ವಿಚಿತ್ರ. ಅದರ ಕೊನೆಯ ಅಂಕಿ ಮಾತ್ರ ಬೇರೆ, ಮೊದಲ ಹನ್ನೆರಡು ಉಳಿದೆರಡರಂತೆಯೇ. ಮೂರೂ ಒಂದೇ ಆಗಿ ಕಾಣಬಾರದು ಎಂದು ಯಾರೋ ಕೊನೆಯ ಅಂಕಿ ತಿದ್ದಿದ್ದಾರೆ. ಆದರೆ ಯಾರ ಇಷ್ಟಕ್ಕೂ ಬಗ್ಗದ ಅಂಕಿ ಅದೊಂದೇ, ಏಕೆಂದರೆ ಅದು ಮೊದಲ ಹನ್ನೆರಡನ್ನು ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಲೆಕ್ಕ ಸುಲಭ, ಪೆನ್ನು ಕಾಗದ ಸಾಕು. ತೋರಿಸುವುದಕ್ಕಾಗಿ 8901234567890 ಎಂದು ಇಟ್ಟುಕೊಳ್ಳೋಣ. ಎಡದಿಂದ ಒಂದನೇ, ಮೂರನೇ, ಐದನೇ ಹೀಗೆ ಬೆಸ ಜಾಗದ ಆರು ಅಂಕಿ ಕೂಡಿಸಿ: 8, 0, 2, 4, 6, 8, ಒಟ್ಟು 28. ಎರಡನೇ, ನಾಲ್ಕನೇ ಹೀಗೆ ಸಮ ಜಾಗದ ಆರು ಅಂಕಿ ಕೂಡಿಸಿ: 9, 1, 3, 5, 7, 9, ಒಟ್ಟು 34. ಈ ಎರಡನೆಯ ಮೊತ್ತವನ್ನು ಮೂರರಿಂದ ಗುಣಿಸಿದರೆ 102. 28 ಮತ್ತು 102 ಸೇರಿ 130. ಇದನ್ನು ಹತ್ತರ ಪೂರ್ಣ ಗುಣಕ ಮಾಡಲು ಎಷ್ಟು ಸೇರಿಸಬೇಕೋ ಅದೇ ಹದಿಮೂರನೇ ಅಂಕಿ. 130 ಆಗಲೇ ಹತ್ತರ ಗುಣಕ, ಆದ್ದರಿಂದ ಸೊನ್ನೆ. ಮೊತ್ತ 127 ಬಂದಿದ್ದರೆ ಕೊನೆಯ ಅಂಕಿ 3 ಆಗಬೇಕಿತ್ತು. ಮೊದಲ ಹನ್ನೆರಡು ಹಾಗೇ ಇದ್ದು ಕೊನೆಯದು ಮಾತ್ರ ಬದಲಾದರೆ ಲೆಕ್ಕ ಯಾವತ್ತೂ ಕೂಡುವುದಿಲ್ಲ. ನಿಮ್ಮ ನ್ಯೂಡ್ ಬಾಕ್ಸ್‌ನ ಅಂಕಿ ಕೂಡಿಲ್ಲ.

ಹಾಗಿದ್ದರೂ ಅದು ಸ್ಕ್ಯಾನ್ ಆಗಿದ್ದು ಹೇಗೆ ಎಂದು ಕೇಳುತ್ತೀರಿ. ಸ್ಕ್ಯಾನರ್ ಓದುವುದು ಗೆರೆಗಳನ್ನು, ಕೆಳಗಿನ ಅಂಕಿ ಇರುವುದು ಮನುಷ್ಯರ ಕಣ್ಣಿಗೆ. ಕೆಳಗಿನ ಅಂಕಿ ಬದಲಾಗಿದೆ, ಗೆರೆ ಬದಲಾಗಿಲ್ಲ. ಸ್ಕ್ಯಾನ್ ಮಾಡಿದಾಗ ಫೋನ್ ತೋರಿಸುವ ನಂಬರನ್ನು ಬಾಕ್ಸ್ ಮೇಲೆ ಅಚ್ಚಾದ ನಂಬರಿಗೆ ಹೋಲಿಸಿ, ಕೊನೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಪ್ರೆಸ್‌ಗಳಲ್ಲಿ ಗೆರೆ ಮತ್ತು ಅಂಕಿ ಎರಡನ್ನೂ ಒಂದೇ ಸಾಫ್ಟ್‌ವೇರ್ ಒಟ್ಟಿಗೆ ತಯಾರಿಸುತ್ತದೆ, ಹಾಗಾಗಿ ಈ ತಪ್ಪು ತಾನಾಗಿ ಆಗುವಂಥದ್ದಲ್ಲ. ನಾನು ನೋಡಿದ ಗುರುತುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ.

ಇದರ ಮಿತಿಯನ್ನೂ ಹೇಳಬೇಕು. ಕಾಳಜಿಯಿಂದ ನಕಲು ಮಾಡಿದವನು ಪ್ರತಿ ಶೇಡ್‌ನ ಅಸಲಿ ಬಾಕ್ಸ್ ತಂದು ಆಯಾ ನಂಬರನ್ನೇ ಹಾಕಿರಬಹುದು. ಆಗ ಲೆಕ್ಕವೂ ಕೂಡುತ್ತದೆ, ಶೇಡೂ ಸರಿ ಬರುತ್ತದೆ. ಬಾರ್‌ಕೋಡ್ ತಪ್ಪಿದ್ದರೆ ಅದು ನಕಲಿ ಎನ್ನಬಹುದು, ಸರಿ ಇದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು.

ಎರಡನೆಯದು ಹಿಂಬದಿಯ ಇಂಗ್ರೀಡಿಯಂಟ್ಸ್ ಪಟ್ಟಿ. ಯಾರೂ ಓದದ ಈ ಸಾಲುಗಳಲ್ಲಿ ನಕಲಿ ಮಾಡುವವರು ಮೈಮರೆಯುತ್ತಾರೆ. ಕೆಲವು ಸಣ್ಣ ಪ್ಯಾಕ್‌ಗಳಿಗೆ ನಮ್ಮ ನಿಯಮದಲ್ಲಿ ಈ ಪಟ್ಟಿ ಹಾಕುವುದರಿಂದ ವಿನಾಯಿತಿ ಇದೆ. ಹಾಗಾಗಿ ಭಾರತದಲ್ಲೇ ಮಾಡಿದ ಲಿಪ್‌ಸ್ಟಿಕ್ ಮೇಲೆ ಪಟ್ಟಿ ಇಲ್ಲದಿದ್ದರೆ ಅದನ್ನೇ ದೋಷ ಎನ್ನಬೇಡಿ. ಇದ್ದರೆ ಮಾತ್ರ ಅದು ಕ್ರಮಬದ್ಧವಾಗಿರಬೇಕು. ಕ್ರಮ ಇಷ್ಟು: ಶೇಕಡಾ 1ಕ್ಕಿಂತ ಹೆಚ್ಚು ಇರುವ ವಸ್ತುಗಳು ಹೆಚ್ಚಿನಿಂದ ಕಡಿಮೆಗೆ ಇಳಿಯುತ್ತಾ ಬರಬೇಕು. ಶೇಕಡಾ 1 ಮತ್ತು ಅದಕ್ಕಿಂತ ಕಡಿಮೆ ಇರುವವು ಆಮೇಲೆ ಯಾವ ಕ್ರಮದಲ್ಲಾದರೂ ಬರಬಹುದು. ಬಣ್ಣಗಳು ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ.

ನಿಮ್ಮ ಬಾಕ್ಸ್‌ಗಳಲ್ಲಿ ಮೊದಲ ಹೆಸರು ಅಕ್ವಾ, ಅಂದರೆ ನೀರು. ಎರಡನೆಯದು ಫಿನಾಕ್ಸಿಎಥನಾಲ್. ಮೂರನೆಯದು ಐಸೊಡೋಡೆಕೇನ್. ಈ ಮೂರೇ ಹೆಸರಿನಲ್ಲಿ ಎರಡು ತಪ್ಪು. ಫಿನಾಕ್ಸಿಎಥನಾಲ್ ಕೆಡದಂತೆ ಕಾಯುವ ಪ್ರಿಸರ್ವೇಟಿವ್. ಯುರೋಪಿನ ಕಾನೂನು ಅದನ್ನು ಶೇಕಡಾ 1ಕ್ಕಿಂತ ಹೆಚ್ಚು ಹಾಕಲು ಬಿಡುವುದಿಲ್ಲ, ಈ ಬ್ರ್ಯಾಂಡ್ ಅಲ್ಲಿಯೂ ಮಾರಾಟವಾಗುತ್ತದೆ. ಅಷ್ಟು ಕಡಿಮೆ ಇರುವ ವಸ್ತು ಪಟ್ಟಿಯ ಬಾಲದಲ್ಲಿರಬೇಕು. ಅದು ಎರಡನೇ ಜಾಗದಲ್ಲಿ ನಿಂತಿದ್ದರೆ, ಒಂದೋ ಪಟ್ಟಿ ಸುಳ್ಳು, ಇಲ್ಲವೇ ಒಳಗಿನ ಸರಕು ಅಪಾಯ.

ಎರಡನೇ ತಪ್ಪು ನೀರಿನದು. ಒಣಗಿ ಮ್ಯಾಟ್ ಆಗಿ, ಲೋಟಕ್ಕೆ ಅಂಟದೆ ನಿಲ್ಲುವ ಲಿಕ್ವಿಡ್ ಲಿಪ್‌ಸ್ಟಿಕ್‌ಗಳ ತಳಹದಿ ಸಾಮಾನ್ಯವಾಗಿ ಐಸೊಡೋಡೆಕೇನ್. ಅದು ಬೇಗ ಆವಿಯಾಗುವ ತೆಳು ದ್ರವ, ಆವಿಯಾದ ಮೇಲೆ ಹಿಂದೆ ಒಂದು ಪದರ ಬಿಟ್ಟುಹೋಗುತ್ತದೆ. ಆ ಪದರ ಕಟ್ಟುವುದು ಹೆಚ್ಚಾಗಿ ಟ್ರೈಮೀಥೈಲ್‌ಸಿಲಾಕ್ಸಿಸಿಲಿಕೇಟ್ ಎಂಬ ಉದ್ದ ಹೆಸರಿನ ರೆಸಿನ್. ಇಂಥದರಲ್ಲಿ ನೀರಿಗೆ ಮೊದಲ ಜಾಗ ಇರುವುದಿಲ್ಲ. ನೀರೂ ಐಸೊಡೋಡೆಕೇನೂ ತಾವಾಗಿ ಬೆರೆಯುವುದಿಲ್ಲ, ಬೆರೆಸಲು ಎಮಲ್ಸಿಫೈಯರ್ ಬೇಕು, ನಿಮ್ಮ ಪಟ್ಟಿಯಲ್ಲಿ ಅದಿಲ್ಲ. ನೀರಿನ ತಳಹದಿಯ ಲಿಪ್ ಟಿಂಟ್‌ಗಳು ಇವೆ, ಅವು ಬೇರೆ ಜಾತಿಯ ಸಾಮಾನು. ಬೇರೆ ಯಾವುದೋ ಕ್ರೀಮಿನ ಪಟ್ಟಿಯ ತಲೆಯನ್ನು ಲಿಪ್‌ಸ್ಟಿಕ್ ಪಟ್ಟಿಯ ಮೈಗೆ ಅಂಟಿಸಿದ ಹಾಗೆ ನನಗೆ ಕಾಣುತ್ತದೆ.

ಬಣ್ಣದ ನಂಬರಿಗೆ ಬನ್ನಿ, ಪಾರ್ಲರ್ ನಡೆಸುವವರಿಗೆ ಇದು ತುಂಬಾ ಉಪಯೋಗಕ್ಕೆ ಬರುವ ವಿಷಯ. ಪಟ್ಟಿಯ ಕೊನೆಯಲ್ಲಿ ಸಿಐ ಎಂಬ ಎರಡಕ್ಷರದ ಮುಂದೆ ಐದಂಕಿಯ ನಂಬರ್‌ಗಳು ಇರುತ್ತವೆ. ಲೋಕದ ಎಲ್ಲೆಡೆ ಅವುಗಳ ಅರ್ಥ ಒಂದೇ. ಮುಖ್ಯವಾದ ಕೆಲವನ್ನು ನೆನಪಿಟ್ಟುಕೊಂಡರೆ ಸಾಕು: 77891 ಬಿಳಿ, ಅಂದರೆ ಟೈಟೇನಿಯಂ ಡೈಆಕ್ಸೈಡ್. 77491, 77492, 77499 ಕಬ್ಬಿಣದ ಆಕ್ಸೈಡ್‌ಗಳು, ಕ್ರಮವಾಗಿ ಕೆಂಪು, ಹಳದಿ, ಕಪ್ಪು. 15850 ಲಿಪ್‌ಸ್ಟಿಕ್‌ನಲ್ಲಿ ಬಹಳ ಬಳಕೆಯಲ್ಲಿರುವ ಕಡು ಕೆಂಪು. 45410 ಗುಲಾಬಿ ಕಡೆಗೆ ವಾಲುವ ಕೆಂಪು.

ನಿಮ್ಮ ಮೂರೂ ಬಾಕ್ಸ್‌ಗಳಲ್ಲಿ ಇರುವುದು 15850 ಮತ್ತು 45410, ಎರಡೇ. ಕೆಂಪಿಗೆ ಇದು ಸರಿ. ವೈನ್‌ಗೆ ಕಪ್ಪೋ ನೀಲಿಯೋ ಸ್ವಲ್ಪ ಸೇರಬೇಕು, ಇರಲಿ ಬಿಡಿ. ಆದರೆ ನ್ಯೂಡ್? ದಿನಾ ಬಣ್ಣ ಬೆರೆಸುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ಕೆಂಪನ್ನು ಎಷ್ಟೇ ಬೆರೆಸಿದರೂ ಬಿಸ್ಕತ್ತಿನ ಬಣ್ಣ ಬರುವುದಿಲ್ಲ. ಬಿಳಿ ಬೇಕು, ಹಳದಿ ಬೇಕು, ಕಂದು ಬರಲು ಕಪ್ಪಿನ ಒಂದು ಚಿಟಿಕೆ ಬೇಕು. ಟ್ಯೂಬಿನೊಳಗೆ ನ್ಯೂಡ್ ಬಣ್ಣ ಇದೆ, ಬಾಕ್ಸ್ ಹೇಳುವ ಬಣ್ಣಗಳಿಂದ ಅದು ಹುಟ್ಟಲು ಸಾಧ್ಯವಿಲ್ಲ. ಹಾಗಾದರೆ ಒಳಗೆ ಹಾಕಿರುವ ಬಣ್ಣ ಯಾವುದು? ಬಾಕ್ಸ್ ಹೇಳುತ್ತಿಲ್ಲ. ನನಗೆ ಸಂಕಟ ಆಗುವುದು ಇಲ್ಲಿಯೇ. ಕಾಸ್ಮೆಟಿಕ್ ಬಣ್ಣಕ್ಕೆ ಸೀಸ, ಆರ್ಸೆನಿಕ್, ಪಾದರಸಗಳಿಗೆ ಕಾನೂನು ಮಿತಿ ಹಾಕಿದೆ, ಬಣ್ಣದಲ್ಲಿ ಸೀಸ 20 ಪಿಪಿಎಂ ದಾಟಬಾರದು. ಅಸಲಿ ಕಂಪನಿ ಆ ಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೊಂಡಿರುತ್ತದೆ. ಹೆಸರೇ ಹೇಳದ ಬಣ್ಣಕ್ಕೆ ಯಾರು ಪರೀಕ್ಷೆ ಮಾಡಿಸಿರುತ್ತಾರೆ? ತುಟಿಗೆ ಹಚ್ಚಿದ್ದು ಊಟದ ಜೊತೆ ಹೊಟ್ಟೆಗೂ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಇಲ್ಲದಿದ್ದರೆ ನೀವು ಅಸಲಿಯನ್ನೂ ಬಿಸಾಡೀರಿ. ಒಂದು ಸಾಲಿನ ಎಲ್ಲ ಶೇಡ್‌ಗೂ ಒಂದೇ ಪಟ್ಟಿ ಅಚ್ಚಾಗಿರುವುದು ಅಸಲಿಯಲ್ಲಿಯೂ ಮಾಮೂಲು. ಆದರೆ ಅಂಥ ಪಟ್ಟಿಯಲ್ಲಿ ಬಣ್ಣಗಳಿಗೆ ಮುಂಚೆ "ಮೇ ಕಂಟೇನ್" ಎಂದೋ, ಕೂಡು ಕಳೆ ಗುರುತೋ ಇರುತ್ತದೆ. ಇವುಗಳಲ್ಲಿ ಕೆಲವು ಇರಬಹುದು ಎಂದು ಅರ್ಥ. ಅದರ ಮುಂದೆ ಎಂಟು ಹತ್ತು ನಂಬರ್‌ಗಳು ಸಾಲಾಗಿ ಇರುತ್ತವೆ, ಬಿಳಿಯೂ ಕಬ್ಬಿಣದ ಆಕ್ಸೈಡೂ ಅದರಲ್ಲಿ ಇದ್ದೇ ಇರುತ್ತವೆ. ನಿಮ್ಮ ಬಾಕ್ಸ್‌ನಲ್ಲಿ ಆ ಗುರುತೂ ಇಲ್ಲ, ಆ ನಂಬರ್‌ಗಳೂ ಇಲ್ಲ.

ಕಾಗುಣಿತದ ತಪ್ಪುಗಳನ್ನು ನಾನು ಬೇರೆ ರೀತಿ ನೋಡುತ್ತೇನೆ. ತಪ್ಪು ಇದೆ ಎನ್ನುವುದಕ್ಕಿಂತ ಯಾವ ಬಗೆಯ ತಪ್ಪು ಎನ್ನುವುದು ಮುಖ್ಯ. ಅಸಲಿ ಬಾಕ್ಸ್‌ನಲ್ಲೂ ಅಪರೂಪಕ್ಕೆ ಟೈಪಿಂಗ್ ತಪ್ಪು ನುಸುಳುತ್ತದೆ. ಕೈಯಲ್ಲಿ ಟೈಪ್ ಮಾಡಿದಾಗ ಅಕ್ಷರ ಬಿಟ್ಟುಹೋಗುವುದು, ಹಿಂದುಮುಂದಾಗುವುದು ಸಹಜ. ನಿಮ್ಮ ಬಾಕ್ಸ್‌ನ ತಪ್ಪುಗಳು ಅಂಥವಲ್ಲ. ಪರ್ಫಮ್ ಎಂಬ ಪದದ ಕೊನೆಯ ಎಂ ಅಕ್ಷರ ಒಡೆದು ಆರ್ ಮತ್ತು ಎನ್ ಎರಡಾಗಿದೆ. ಡೈಮೆಥಿಕೋನ್ ಪದದಲ್ಲಿ ಐ ಇರಬೇಕಾದಲ್ಲಿ ಸಣ್ಣ ಎಲ್ ಕುಳಿತಿದೆ, ಮೇಲೆ ಚುಕ್ಕೆಯೇ ಇಲ್ಲ. ಒಂದು ಕಡೆ ಓ ಅಕ್ಷರದ ಬದಲು ಸೊನ್ನೆ ಇದೆ. ಮನುಷ್ಯರ ಬೆರಳು ಹೀಗೆ ತಪ್ಪುವುದಿಲ್ಲ. ಬಾಕ್ಸ್ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟಾಗ ಆಕಾರ ಹೋಲುವ ಅಕ್ಷರಗಳು ಹೀಗೆ ಅದಲುಬದಲಾಗುತ್ತವೆ. ಬ್ರ್ಯಾಂಡಿನ ಹತ್ತಿರ ಮೂಲ ಫೈಲ್ ಇರುತ್ತದೆ, ತನ್ನ ಬಾಕ್ಸನ್ನು ತಾನೇ ಸ್ಕ್ಯಾನ್ ಮಾಡಿ ಓದಿಸುವ ಅಗತ್ಯ ಅದಕ್ಕಿಲ್ಲ.

ಈಗ ನಿಮಗೆ ಮೊದಲು ಅನುಮಾನ ತಂದ ಅಕ್ಷರದ ದಪ್ಪ. ನಿಮ್ಮ ಕಣ್ಣು ಸರಿಯಾದದ್ದನ್ನೇ ಹಿಡಿದಿದೆ, ಆದರೂ ಇದನ್ನು ನಾನು ಮೂರನೇ ಜಾಗಕ್ಕೆ ಇಟ್ಟದ್ದಕ್ಕೆ ಕಾರಣವಿದೆ. ಕಾಗದದ ಮೇಲೆ ಬಿದ್ದ ಶಾಯಿ ಸ್ವಲ್ಪ ಹರಡುತ್ತದೆ. ಮೂಲ ಫೈಲಿನಿಂದ ಅಚ್ಚಾದಾಗ ಒಮ್ಮೆ ಹರಡಿರುತ್ತದೆ. ಆ ಅಚ್ಚನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಹರಡಿದ್ದರ ಮೇಲೆ ಇನ್ನೊಮ್ಮೆ ಹರಡುತ್ತದೆ. ದೊಡ್ಡ ಅಕ್ಷರದಲ್ಲಿ ಇದು ತಿಳಿಯುವುದಿಲ್ಲ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನ ಇ, ಎ ಅಕ್ಷರಗಳ ಒಳಗಿನ ಪುಟ್ಟ ಬಯಲು ಶಾಯಿಯಿಂದ ಮುಚ್ಚಿಕೊಳ್ಳುತ್ತದೆ. ನಿಮ್ಮ ಫೋಟೋದಲ್ಲಿ ಮುಂಬದಿಯ ಬ್ರ್ಯಾಂಡ್ ಹೆಸರು ಸಪೂರವಾಗಿ ಚೆನ್ನಾಗಿಯೇ ಇದೆ, ಹಿಂಬದಿಯಲ್ಲಿ ಇ ಅಕ್ಷರದ ಕಣ್ಣು ಮುಚ್ಚಿಹೋಗಿದೆ. ಒಂದೇ ಬಾಕ್ಸ್‌ನಲ್ಲಿ ಹೀಗೆ ಎರಡು ಬಗೆ ಕಂಡರೆ, ಲೋಗೋವನ್ನು ಹೊಸದಾಗಿ ಬಿಡಿಸಿ ಉಳಿದದ್ದನ್ನು ಸ್ಕ್ಯಾನ್‌ನಿಂದ ಎತ್ತಿದ್ದಾರೆ ಎಂದು ಊಹಿಸಬಹುದು. ಕಪ್ಪು ಬಾಕ್ಸ್ ಮೇಲೆ ಬಿಳಿ ಅಕ್ಷರ ಇದ್ದರೆ ಇದೇ ಕಾರಣಕ್ಕೆ ಉಲ್ಟಾ ಆಗುತ್ತದೆ. ಸುತ್ತಲಿನ ಕಪ್ಪು ಒಳಗೆ ಹರಡಿ ಬಿಳಿ ಅಕ್ಷರ ಸಪೂರವಾಗುತ್ತದೆ, ಕೆಲವು ಕಡೆ ಕಡಿದೂ ಹೋಗುತ್ತದೆ. ಆದ್ದರಿಂದ ದಪ್ಪ ಎಂದರೆ ನಕಲಿ ಎಂಬ ಸೂತ್ರ ಇಟ್ಟುಕೊಳ್ಳಬೇಡಿ.

ಇನ್ನೂ ಖಚಿತವಾಗಿ ನೋಡಬೇಕೆಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ. ಅಸಲಿ ಪ್ರೆಸ್ಸಿನಲ್ಲಿ ಸಣ್ಣ ಕಪ್ಪು ಅಕ್ಷರವನ್ನು ಕಪ್ಪು ಶಾಯಿ ಒಂದರಿಂದಲೇ ಅಚ್ಚು ಹಾಕುತ್ತಾರೆ, ಅಂಚು ಶುದ್ಧವಾಗಿ ಕತ್ತರಿಸಿದಂತೆ ಕಾಣುತ್ತದೆ. ಸ್ಕ್ಯಾನ್ ಮಾಡಿದ ಚಿತ್ರವನ್ನು ಹಾಗೇ ಅಚ್ಚು ಹಾಕಿದರೆ ಆ ಕಪ್ಪು ನೀಲಿ, ಗುಲಾಬಿ, ಹಳದಿ, ಕಪ್ಪು ನಾಲ್ಕು ಶಾಯಿಗಳ ಚುಕ್ಕೆಗಳಿಂದ ಆಗುತ್ತದೆ. ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಕ್ಷರದ ಪಕ್ಕದಲ್ಲಿ ಗುಲಾಬಿಯದೋ ನೀಲಿಯದೋ ನೆರಳು ಎದ್ದು ಕಾಣುತ್ತದೆ. ಬ್ರ್ಯಾಂಡಿನ ಬಣ್ಣದ ಪಟ್ಟಿಯನ್ನೂ ಹಾಗೆಯೇ ನೋಡಿ. ದೊಡ್ಡ ಬ್ರ್ಯಾಂಡ್‌ಗಳು ತಮ್ಮ ಬಣ್ಣಕ್ಕೆ ಬೇರೆಯದೇ ಶಾಯಿ ಬೆರೆಸಿಕೊಳ್ಳುವುದು ವಾಡಿಕೆ, ಅದು ಕನ್ನಡಿಯಲ್ಲಿ ಒಂದೇ ಸಮನಾಗಿ ಕಾಣುತ್ತದೆ. ನಕಲಿಯಲ್ಲಿ ಅದೂ ಚುಕ್ಕೆ ಚುಕ್ಕೆ. ನಿಮ್ಮ ಫೋಟೋಗಳಲ್ಲಿ ಇಷ್ಟು ಸೂಕ್ಷ್ಮ ಕಾಣುವುದಿಲ್ಲ, ಬಾಕ್ಸ್ ಕೈಯಲ್ಲಿರುವ ನೀವೇ ನೋಡಬೇಕು.

ಹೋಲಿಸುವಾಗ ಬ್ರ್ಯಾಂಡಿನ ವೆಬ್‌ಸೈಟಿನ ಚಿತ್ರ ಇಟ್ಟುಕೊಂಡು ದಪ್ಪ ಅಳೆಯಬೇಡಿ. ಅಲ್ಲಿರುವುದು ಬಹಳ ಸಲ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ, ಅಚ್ಚಾದ ಬಾಕ್ಸ್ ಅಲ್ಲ. ಅಧಿಕೃತ ಕೌಂಟರಿನಿಂದ ಬಿಲ್ ಸಮೇತ ತಂದ ಅದೇ ಸಾಮಾನಿನ ಹಳೆಯ ಬಾಕ್ಸ್ ಇದ್ದರೆ ಅದು ಚಿನ್ನ, ಬಿಸಾಡದೆ ಇಟ್ಟುಕೊಳ್ಳಿ. ಅದರಲ್ಲೂ ಒಂದು ತೊಡಕು ಇದೆ. ಕಂಪನಿಗಳು ಡಿಸೈನ್ ಬದಲಿಸುತ್ತವೆ, ಒಂದಕ್ಕಿಂತ ಹೆಚ್ಚು ಪ್ರೆಸ್‌ಗಳಲ್ಲಿ ಬಾಕ್ಸ್ ಮಾಡಿಸುತ್ತವೆ, ಶೇಡ್ ಹೆಸರನ್ನು ಬೇರೆ ಸ್ಟಿಕರ್ ಮೇಲೆ ಬೇರೆ ಫಾಂಟಿನಲ್ಲಿ ಹಾಕುತ್ತವೆ. ಎರಡು ಅಸಲಿ ಬಾಕ್ಸ್‌ಗಳ ಅಕ್ಷರದಲ್ಲಿ ಕೂಡ ಅಲ್ಪಸ್ವಲ್ಪ ವ್ಯತ್ಯಾಸ ಬರುತ್ತದೆ. ಅದಕ್ಕೇ ಫಾಂಟನ್ನು ನಾನು ಅನುಮಾನ ಹುಟ್ಟಲು ಬಳಸುತ್ತೇನೆ, ತೀರ್ಪು ಕೊಡಲು ಬಾರ್‌ಕೋಡ್ ಮತ್ತು ಪಟ್ಟಿಗೆ ಹೋಗುತ್ತೇನೆ.

ಬ್ಯಾಚ್ ನಂಬರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಚ್ ನಂಬರು, ತಾರೀಕು ಪ್ರೆಸ್ಸಿನಲ್ಲಿ ಅಚ್ಚಾಗುವಂಥವಲ್ಲ. ಖಾಲಿ ಬಾಕ್ಸ್ ಕಾರ್ಖಾನೆಗೆ ಹೋದ ಮೇಲೆ ಪ್ಯಾಕಿಂಗ್ ಲೈನಿನಲ್ಲಿ ಇಂಕ್‌ಜೆಟ್ಟಿನಿಂದಲೋ ಲೇಸರಿನಿಂದಲೋ ಒತ್ತಿಯೋ ಹಾಕುತ್ತಾರೆ. ಓಡುವ ಲೈನಿನಲ್ಲಿ ಹಾಕುವುದರಿಂದ ಬಾಕ್ಸ್‌ನಿಂದ ಬಾಕ್ಸ್‌ಗೆ ಜಾಗ ತುಸು ಆಚೀಚೆ ಆಗುತ್ತದೆ. ನಿಮ್ಮ ಮೂರರಲ್ಲೂ ಅದು ಉಳಿದ ಅಕ್ಷರಗಳ ಶಾಯಿಯಲ್ಲೇ, ಒಂದೇ ಜಾಗದಲ್ಲಿ, ಒಂದೇ ನಂಬರಾಗಿ ಅಚ್ಚಾಗಿದೆ. ಟ್ಯೂಬಿನ ತಳದಲ್ಲಿ ಏನೂ ಇಲ್ಲ. ನಂಬರ್ ಒಂದೇ ಇರುವುದನ್ನು ಮಾತ್ರ ದೊಡ್ಡದು ಮಾಡಬೇಡಿ, ಕೆಲವು ಕಂಪನಿಗಳ ಕೋಡು ತಯಾರಾದ ದಿನವನ್ನಷ್ಟೇ ಹೇಳುತ್ತದೆ, ಒಂದೇ ದಿನ ಎರಡು ಶೇಡ್ ತಯಾರಾಗಬಹುದು. ಆರ್ಟ್‌ವರ್ಕಿನ ಜೊತೆಯಲ್ಲೇ ಅಚ್ಚಾಗಿರುವುದು ಇಲ್ಲಿ ದೋಷ. ಇನ್ನೊಂದು ಬಗೆಯ ಮೋಸವೂ ಈ ಜಾಗದಲ್ಲೇ ನಡೆಯುತ್ತದೆ: ಅವಧಿ ಮುಗಿದ ಅಸಲಿ ಸಾಮಾನಿನ ತಾರೀಕನ್ನು ಥಿನ್ನರಿನಿಂದ ಒರೆಸಿ ಹೊಸದು ಹಾಕುವುದು. ಬಾಕ್ಸನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ಒರೆಸಿದ ಜಾಗದಲ್ಲಿ ಹೊಳಪು ಸತ್ತಿರುತ್ತದೆ.

ಇಷ್ಟೆಲ್ಲಾ ಬಿಟ್ಟು ಒಂದೇ ನಿಮಿಷದಲ್ಲಿ ನೋಡಬಹುದಾಗಿದ್ದ ಒಂದು ವಿಷಯ ಇತ್ತು. ಹೊರದೇಶದಿಂದ ತಂದು ಇಲ್ಲಿ ಮಾರುವ ಕಾಸ್ಮೆಟಿಕ್‌ಗೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಆಮದು ನೋಂದಣಿ ಇರಬೇಕು. ಆ ನೋಂದಣಿ ನಂಬರು, ಆಮದು ಮಾಡಿಕೊಂಡವರ ಹೆಸರು ವಿಳಾಸ ಬಾಕ್ಸ್ ಮೇಲೆ ಇರಬೇಕು. ಎಂ.ಆರ್.ಪಿ., ತಯಾರಾದ ದೇಶ, ಗ್ರಾಹಕರು ಸಂಪರ್ಕಿಸಬೇಕಾದ ನಂಬರು ಇರಬೇಕೆಂದು ಪ್ಯಾಕೇಜ್ ಸಾಮಾನುಗಳ ತೂಕ ಅಳತೆ ನಿಯಮ ಬೇರೆ ಹೇಳುತ್ತದೆ. ಸಾಮಾನ್ಯವಾಗಿ ಇವೆಲ್ಲ ಒಂದು ಬಿಳಿ ಸ್ಟಿಕರ್ ಮೇಲೆ ಇರುತ್ತವೆ. ನಿಮ್ಮ ಬಾಕ್ಸ್‌ಗಳಲ್ಲಿ ಆ ಸ್ಟಿಕರೇ ಇಲ್ಲ. "ದುಬೈಯಿಂದ ತಂದಿದ್ದು, ಅದಕ್ಕೇ ಸ್ಟಿಕರ್ ಇಲ್ಲ" ಎಂದು ಸಪ್ಲೈಯರ್ ಹೇಳಬಹುದು. ಹಾಗೆ ತಂದ ಅಸಲಿ ಸಾಮಾನೂ ಇರುತ್ತದೆ, ಆದರೆ ಅದನ್ನು ಇಲ್ಲಿ ವ್ಯಾಪಾರ ಮಾಡುವಂತಿಲ್ಲ. ಏನಾದರೂ ಹೆಚ್ಚುಕಮ್ಮಿ ಆದರೆ ಕೇಳಲು ನಿಮಗೆ ಒಂದು ವಿಳಾಸ ಕೂಡ ಇರುವುದಿಲ್ಲ.

ಬಾಕ್ಸ್ ಓದಿ ತಿಳಿಯಲಾಗದ್ದೂ ಇದೆ. ಅಸಲಿ ಖಾಲಿ ಬಾಕ್ಸ್, ಖಾಲಿ ಟ್ಯೂಬ್ ಕೂಡಿಟ್ಟು ಒಳಗೆ ಬೇರೆ ಸರಕು ತುಂಬಿದ್ದರೆ ನಾನು ಹೇಳಿದ ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ. ಆದ್ದರಿಂದ ಪಾರ್ಲರಿನಲ್ಲಿ ಮುಗಿದ ಟ್ಯೂಬು, ಬಾಕ್ಸ್‌ಗಳನ್ನು ಗುಜರಿಗೆ ಹಾಗೇ ಕೊಡಬೇಡಿ. ಬಾಕ್ಸ್ ಹರಿದು, ಟ್ಯೂಬಿನ ಲೇಬಲ್ ಕೆರೆದು ಕೊಡಿ. ಇನ್ನು ಹಚ್ಚಿ ನೋಡಿ, ಮೂಸಿ ನೋಡಿ ಪರೀಕ್ಷೆ ಮಾಡುವುದು ಬೇಡವೇ ಬೇಡ.

ಮುಂದೆ ಏನು ಮಾಡಬೇಕು ಎಂದರೆ, ಸೀಲ್ ಒಡೆಯದ ಎರಡನ್ನು ಸಪ್ಲೈಯರಿಗೆ ವಾಪಸ್ ಕೊಟ್ಟು ಹಣ ಕೇಳುವ ಆತುರ ಮಾಡಬೇಡಿ. ಕೊಟ್ಟರೆ ಅವು ಬೇಲೂರಿನಲ್ಲೋ ಅರಸೀಕೆರೆಯಲ್ಲೋ ಇನ್ನೊಬ್ಬರ ಪಾರ್ಲರಿಗೆ ಹೋಗುತ್ತವೆ. ಬಿಲ್ ಇದ್ದರೆ ಬಿಲ್, ಇಲ್ಲದಿದ್ದರೆ ಫೋನ್‌ಪೇ ಮಾಡಿದ ದಾಖಲೆ, ಮಾತಾಡಿದ ಮೆಸೇಜ್‌ಗಳು ಎಲ್ಲವನ್ನೂ ಇಟ್ಟುಕೊಂಡು ಜಿಲ್ಲೆಯ ಔಷಧ ಪರಿವೀಕ್ಷಕರಿಗೆ ಲಿಖಿತ ದೂರು ಕೊಡಿ. ಕಾಸ್ಮೆಟಿಕ್ ಕೂಡ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಕೆಳಗೇ ಬರುತ್ತದೆ. ನಕಲಿ ಕಾಸ್ಮೆಟಿಕ್ ತಯಾರಿಸುವವರಿಗೂ ಮಾರುವವರಿಗೂ ಅದರ 27ಎ ಕಲಂ ಮೂರು ವರ್ಷದವರೆಗೆ ಜೈಲು, ಕನಿಷ್ಠ 50,000 ರೂಪಾಯಿ ಅಥವಾ ವಶಪಡಿಸಿದ ಸರಕಿನ ಬೆಲೆಯ ಮೂರು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ ಹೇಳುತ್ತದೆ. ಅದೇ ಕಾಯ್ದೆಯ 26ನೇ ಕಲಂ ನಿಮಗೆ ಇನ್ನೊಂದು ಹಕ್ಕು ಕೊಟ್ಟಿದೆ: ನೀವು ಕೊಂಡ ಸಾಮಾನನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಅದಕ್ಕೇ ಸೀಲ್ ಒಡೆಯದ ಟ್ಯೂಬ್ ಉಳಿಯಬೇಕು ಎಂದದ್ದು. ಹಣದ ವಿಚಾರಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬ್ರ್ಯಾಂಡಿನ ಭಾರತದ ಕಚೇರಿಗೂ ಇದೇ ಫೋಟೋಗಳನ್ನು ಕಳಿಸಿ, ಬಾಕ್ಸ್ ತಮ್ಮದಲ್ಲ ಎಂದು ಅವರು ಬರೆದು ಕೊಟ್ಟರೆ ದೂರಿಗೆ ಬಲ ಬರುತ್ತದೆ.

ಮುಂದಿನ ಸಲ ಯಾರೇ ಬ್ಯಾಗ್ ಬಿಚ್ಚಿದರೂ ಹಣ ಕೊಡುವ ಮೊದಲು ಎರಡು ಬೇರೆ ಶೇಡ್ ಕೈಗೆ ತೆಗೆದುಕೊಂಡು ಹಿಂಬದಿ ತಿರುಗಿಸಿ. ಆಮದು ಮಾಡಿದವರ ವಿಳಾಸ ಇದೆಯೇ, ಎರಡರ ಬಾರ್‌ಕೋಡ್ ಬೇರೆಬೇರೆ ಇದೆಯೇ, ಬಣ್ಣದ ನಂಬರ್‌ಗಳಲ್ಲಿ 77891 ಇದೆಯೇ ನೋಡಿ. ಮೂರರಲ್ಲಿ ಒಂದು ತಪ್ಪಿದರೂ ಬಿಲ್ ಕೇಳಿ. ಬಿಲ್ ಕೊಡಲು ಹಿಂದೇಟು ಹಾಕಿದರೆ ಎರಡನ್ನೂ ಬ್ಯಾಗಿಗೇ ವಾಪಸ್ ಇಡಿ.